ಪುಸ್ತಕದ ಲಾಭವೂ ಪೆಟ್ಟಿಗೆಯ ದುಡ್ಡೂ
(ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ತುಂಬಿದ ಈ ಹೊತ್ತಿನಲ್ಲಿ ಸಾಧನೆಯ ಪಟ್ಟಿ ಓದುವವರು ಬೇರೆ ಇದ್ದಾರೆ. ಲೆಕ್ಕದ ಪುಸ್ತಕ ಹಿಡಿದು ಕುಳಿತ ನಮಗೆ ಒಪ್ಪಿಸಿರುವುದು ಒಣ ವಿಷಯ. ಲಾಭ ಬಂದ ವರ್ಷವೇ ಸಂಘದ ಪೆಟ್ಟಿಗೆ ಏಕೆ ಖಾಲಿಯಾಗುತ್ತದೆ, ಅದನ್ನು ಮೊದಲೇ ತಿಳಿಯುವುದು ಹೇಗೆ, ಇಷ್ಟೇ. ಆದರೆ ಇದು ನಮ್ಮ ಸಂಘ ಪೆಟ್ಟು ತಿಂದು ಕಲಿತ ಪಾಠ. ಆದ್ದರಿಂದ ಆ ಪೆಟ್ಟಿನಿಂದಲೇ ಶುರು ಮಾಡುತ್ತೇವೆ.

2013ರ ಗೌರಿ ಹಬ್ಬಕ್ಕೆ ನಾಲ್ಕು ದಿನ ಮುಂಚೆ ಒಬ್ಬ ತಾಯಿ ಸಂಘದ ಬಾಗಿಲಿಗೆ ಬಂದರು. ಗಗನಚುಕ್ಕಿ ನೋಡಲು ಬರುವ ಜನಕ್ಕೆ ಸುಟ್ಟ ಜೋಳ, ಚುರುಮುರಿ ಮಾರಿ ದಿನಕ್ಕೆ ಐವತ್ತು ರೂಪಾಯಿಯಂತೆ ವರ್ಷವಿಡೀ ಪಿಗ್ಮಿ ಕಟ್ಟಿದ್ದವರು. ಹದಿನೆಂಟು ಸಾವಿರ ಚಿಲ್ಲರೆ ಆಗಿತ್ತು. ಮಗಳ ಮದುವೆಯಾದ ಮೇಲಿನ ಮೊದಲ ಗೌರಿ, ಬಾಗಿನ ಕಳಿಸಬೇಕು, ಬೀಗರ ಮನೆಗೆ ಹೋಗಿಬರಬೇಕು, ದುಡ್ಡು ಕೊಡಿ ಎಂದರು. ಆ ದಿನ ನಮ್ಮ ಪೆಟ್ಟಿಗೆಯಲ್ಲಿ ಇದ್ದದ್ದು ಆರು ಸಾವಿರ. ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಕನಿಷ್ಠ ಬಾಕಿ ಬಿಟ್ಟರೆ ಏನೂ ಇಲ್ಲ. 'ಮುಂದಿನ ವಾರ ಬನ್ನಿ ತಾಯಿ' ಎಂದೆವು.

ಮಹಾಸಭೆಯ ನೋಟೀಸು, ಜೊತೆಗೆ ಅಚ್ಚಾದ ವಾರ್ಷಿಕ ವರದಿ, ಎರಡೂ ಅಷ್ಟರಲ್ಲಿ ಮನೆಮನೆಗೆ ಹೋಗಿದ್ದವು. ಆ ತಾಯಿ ಅದನ್ನು ಸೆರಗಿನ ಮರೆಯಿಂದ ತೆಗೆದು ಮೇಜಿನ ಮೇಲಿಟ್ಟರು. ಓದು ಬಾರದವರು, ಮೊಮ್ಮಗನ ಕೈಲಿ ಓದಿಸಿಕೊಂಡು ಬಂದಿದ್ದರು. 'ಇದ್ರಲ್ಲಿ ಒಂದು ಲಕ್ಷದ ಎಂಬತ್ತಾರು ಸಾವಿರ ಲಾಭ ಅಂತ ಬರ್ದವ್ರೆ ಕಣಪ್ಪ. ನನ್ ಹದಿನೆಂಟು ಸಾವಿರ ಕೊಡಕ್ಕೆ ಕಾಸಿಲ್ಲ ಅಂತೀರಿ. ಇದ್ರಲ್ಲಿ ಯಾವ್ದು ದಿಟ?' ಎಂದು ಕೇಳಿದರು.

ಎರಡೂ ದಿಟವೇ ಆಗಿತ್ತು. ಅದನ್ನು ಆ ತಾಯಿಗೆ ತಿಳಿಸಿ ಹೇಳುವ ಮಾತು ಆವತ್ತು ನಮ್ಮ ಬಾಯಿಗೆ ಬರಲಿಲ್ಲ. ಸಂಜೆಯೊಳಗೆ ಅರಳಿಕಟ್ಟೆಯಲ್ಲಿ ಮಾತು ಹಬ್ಬಿತು. ಮರುದಿನ ಹನ್ನೊಂದು ಮಂದಿ ಪಾಸ್‌ಬುಕ್ ಹಿಡಿದು ನಿಂತರು. ಬ್ಯಾಂಕಿನಲ್ಲಿಟ್ಟಿದ್ದ ಒಂದು ಮುದ್ದತಿ ಠೇವಣಿಯ ಮೇಲೆ ಸಾಲ ಎತ್ತಿ ಎಲ್ಲರಿಗೂ ಕೊಟ್ಟು ತೀರಿಸಲು ಒಂಬತ್ತು ದಿನ ಹಿಡಿಯಿತು. ಅಷ್ಟರಲ್ಲಿ ಗೌರಿ ಮುಗಿದು ಗಣಪತಿಯನ್ನು ಬಿಟ್ಟೂ ಆಗಿತ್ತು.

ಹಾಗಾದರೆ ಆ ಲಾಭ ಎಲ್ಲಿತ್ತು? ಎಲ್ಲರಿಗೂ ಪರಿಚಯವಿರುವ ಗೊಬ್ಬರದ ಖಾತೆಯೊಂದನ್ನೇ ಬಿಚ್ಚಿ ನೋಡೋಣ. ಎಣಿಸಲು ಸುಲಭವಾಗಲೆಂದು ಅಂಕಿಗಳನ್ನು ದುಂಡು ಮಾಡಿದ್ದೇವೆ.

2012ರ ಮುಂಗಾರಿಗೆ ಸಾವಿರ ಚೀಲ ಗೊಬ್ಬರ ತರಿಸಿದೆವು. ಚೀಲಕ್ಕೆ 1200 ರೂಪಾಯಿಯಂತೆ 12 ಲಕ್ಷ ರೂಪಾಯಿಯನ್ನು ಮುಂಗಡವಾಗಿ ಕಟ್ಟಿದೆವು. ಮಾರಿದ ಬೆಲೆ 1250. ಎಂಟು ನೂರು ಚೀಲ ಮಾರಾಟವಾಯಿತು. ಚೀಲಕ್ಕೆ ಐವತ್ತರಂತೆ 40 ಸಾವಿರ ಲಾಭ. ಇದು ಪುಸ್ತಕದ ಮಾತು, ಅದರಲ್ಲಿ ಸುಳ್ಳಿಲ್ಲ. ಚೀಲ ಗೋದಾಮು ದಾಟಿ, ಬಿಲ್ಲು ಬರೆದು, ರೈತನ ಗಾಡಿ ಹತ್ತಿದ ದಿನವೇ ಮಾರಾಟವಾಯಿತು ಎಂದು ಲೆಕ್ಕ ಹಿಡಿಯುವುದೇ ಕ್ರಮ. ದುಡ್ಡು ಬಂತೋ ಇಲ್ಲವೋ ಎಂದು ಲಾಭ-ನಷ್ಟದ ತಖ್ತೆ ಕೇಳುವುದಿಲ್ಲ.

ಈಗ ಪೆಟ್ಟಿಗೆಯ ಕಡೆಯಿಂದ ನೋಡಿ. ಮಾರಿದ ಎಂಟು ನೂರರಲ್ಲಿ ನಗದು ಕೊಟ್ಟು ಒಯ್ದದ್ದು 250 ಚೀಲ, ಅದರಿಂದ ಬಂದದ್ದು 3,12,500 ರೂಪಾಯಿ. ಉಳಿದ 550 ಚೀಲ ಉದ್ರಿ. ಆ ಬಾಬ್ತು ಬರಬೇಕಾದದ್ದು 6,87,500. ಮಾರದೆ ಗೋದಾಮಿನಲ್ಲಿ ಉಳಿದ ಇನ್ನೂರು ಚೀಲದ ಬೆಲೆ ಕೊಂಡ ದರದಲ್ಲಿ 2,40,000. ಮೂರನ್ನೂ ಕೂಡಿಸಿದರೆ 12,40,000. ಹಾಕಿದ ಹನ್ನೆರಡು ಲಕ್ಷ, ಮೇಲೆ ನಲವತ್ತು ಸಾವಿರ ಲಾಭ, ಕಾಸಿಗೆ ಕಾಸು ತಾಳೆಯಾಯಿತು. ಆದರೆ ಪೆಟ್ಟಿಗೆಯಿಂದ ಹೋದದ್ದು ಹನ್ನೆರಡು ಲಕ್ಷ, ಪೆಟ್ಟಿಗೆಗೆ ಬಂದದ್ದು ಮೂರು ಲಕ್ಷದ ಹನ್ನೆರಡೂವರೆ ಸಾವಿರ. ಸುಮಾರು ಎಂಟು ಲಕ್ಷದ ಎಂಬತ್ತೇಳು ಸಾವಿರ ಹೊರಗಡೆಯೇ ಉಳಿಯಿತು. ಆ ದುಡ್ಡನ್ನು ಯಾರೂ ತಿಂದಿರಲಿಲ್ಲ. ಒಂದಿಷ್ಟು ನಿಮ್ಮ ಗದ್ದೆಯಲ್ಲಿತ್ತು, ಒಂದಿಷ್ಟು ಗೋದಾಮಿನ ಗೋಡೆಗೆ ಒರಗಿತ್ತು.

ಆ ವರ್ಷ ಮಳೆ ಕೈಕೊಟ್ಟಿತು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದವರ ಪಾಡು ನಿಮಗೆ ನಾವು ಹೇಳಬೇಕಾಗಿಲ್ಲ. ಮೇಲಿನವರ ಗದ್ದೆ ತುಂಬಿದ ಮೇಲೆ ನಮ್ಮ ಕಡೆಗೆ ನೀರು. ಬೆಳೆ ಸರಿಯಾಗಿ ಕೈಗೆ ಬರದೆ ಹೋದಾಗ ಉದ್ರಿಯೂ ಬರಲಿಲ್ಲ. ಸಂಕ್ರಾಂತಿಗೆ ಬರಬೇಕಾದ ದುಡ್ಡು ಮಾರ್ಚ್ 31 ಕಳೆದರೂ ಬಾಕಿಯಾಗೇ ನಿಂತಿತ್ತು. ಪುಸ್ತಕದಲ್ಲಿ ಮಾತ್ರ ಮಾರಾಟ ಮಾರಾಟವೇ, ಲಾಭ ಲಾಭವೇ.

ಇನ್ನೊಂದು ಸಂಗತಿ ನಮಗೆ ತಡವಾಗಿ ಹೊಳೆಯಿತು. ಬರಗಾಲದ ವರ್ಷದಲ್ಲಿ ಪೆಟ್ಟಿಗೆ ಖಾಲಿಯಾಗಲಿಲ್ಲ. ಮರುವರ್ಷ, 2013ರಲ್ಲಿ, ಮಳೆ ಚೆನ್ನಾಗಿ ಬಂದಾಗ ಖಾಲಿಯಾಯಿತು. ಮಳೆ ಬಂತು, ನಾಲೆಗೆ ನೀರು ಬಂತು, ಎಲ್ಲರೂ ಒಟ್ಟಿಗೆ ನಾಟಿಗೆ ಇಳಿದರು, ಎಲ್ಲರಿಗೂ ಒಂದೇ ಸಲ ಗೊಬ್ಬರ ಬೇಕಾಯಿತು. ಹಳೆಯ ಉದ್ರಿ ಬಂದಿಲ್ಲ, ಹೊಸ ಮುಂಗಡ ಕಟ್ಟಬೇಕು. ಉಳಿದಿದ್ದ ನಗದನ್ನೆಲ್ಲ ಜುಲೈ, ಆಗಸ್ಟ್‌ನಲ್ಲಿ ಬಳಿದು ಗೊಬ್ಬರಕ್ಕೆ ಕಟ್ಟಿದೆವು. ವ್ಯಾಪಾರ ಜೋರಾಗಿದೆ ಎಂದು ನಾವೆಲ್ಲ ಖುಷಿಯಲ್ಲೇ ಇದ್ದೆವು. ವ್ಯಾಪಾರ ಬೆಳೆಯುವಾಗ ನಗದನ್ನು ಹೆಚ್ಚು ನುಂಗುತ್ತದೆ, ಏಕೆಂದರೆ ಕೊಳ್ಳುವುದು ಮೊದಲು, ಮಾರುವುದು ಆಮೇಲೆ, ವಸೂಲಿ ಅದಕ್ಕೂ ಆಮೇಲೆ. ಮಂದವಾದ ವರ್ಷದಲ್ಲಿ ಕೊಳ್ಳುವುದೇ ಕಡಿಮೆ, ಹಾಗಾಗಿ ಪೆಟ್ಟಿಗೆ ತುಂಬಿದಂತೆ ಕಾಣುತ್ತದೆ.

ಗೊಬ್ಬರ ಬಿಟ್ಟರೆ ಲಾಭದ ದೊಡ್ಡ ಪಾಲು ಬಡ್ಡಿಯದು. ಅಲ್ಲೂ ಇದೇ ಕಥೆ. ಬೆಳೆ ಸಾಲಕ್ಕೆ ರೈತನಿಂದ ಬಡ್ಡಿ ಇಲ್ಲ, ಸಕಾಲಕ್ಕೆ ಕಟ್ಟಿದವರ ಬಡ್ಡಿಯನ್ನು ಸರ್ಕಾರ ಸಹಾಯಧನವಾಗಿ ಭರಿಸುತ್ತದೆ. ನಾವು ಲೆಕ್ಕ ಮಾಡಿ, ಪಟ್ಟಿ ಕಳಿಸಿ, 'ಬರಬೇಕಾದ ಬಡ್ಡಿ' ಎಂದು ಆದಾಯಕ್ಕೆ ಸೇರಿಸುತ್ತೇವೆ. ದುಡ್ಡು ಜಮೆಯಾಗುವುದು ಅದರದೇ ವೇಳೆಯಲ್ಲಿ. ಇನ್ನು ಸುಸ್ತಿ ಸಾಲದ ಬಡ್ಡಿಗೆ ಲೆಕ್ಕಪರಿಶೋಧಕರು ಅವಕಾಶ ಮಾಡಿಸುತ್ತಾರೆ, ಅದರಿಂದ ಆ ಬಡ್ಡಿ ಲಾಭವನ್ನು ಉಬ್ಬಿಸುವುದಿಲ್ಲ. ಆದರೆ ಗಡುವು ಮೀರದ ಸಾಲದ ಬಡ್ಡಿ ಕೈಗೆ ಬಾರದೆಯೂ ಲಾಭದಲ್ಲಿ ಸೇರಿರುತ್ತದೆ.

ಇದರ ತಿರುವುಮುರುವೂ ಉಂಟು. ದುಡ್ಡು ಹೋಗುತ್ತದೆ, ಆದರೆ ಲಾಭ-ನಷ್ಟದಲ್ಲಿ ಅದರ ಸುಳಿವೇ ಇರುವುದಿಲ್ಲ. ಬ್ಯಾಂಕಿಗೆ ಸಾಲದ ಕಂತು ಕಟ್ಟಿದೆವು ಅನ್ನಿ, ಬಡ್ಡಿಯ ಭಾಗ ಮಾತ್ರ ಖರ್ಚು, ಅಸಲು ಖರ್ಚಲ್ಲ. ಠೇವಣಿ ಹಿಂದಿರುಗಿಸಿದರೆ ಅದೂ ಖರ್ಚಲ್ಲ, ಗೋದಾಮಿಗೆ ಹೊಸ ತೂಕದ ಯಂತ್ರ ಕೊಂಡರೆ ಅದು ಆಸ್ತಿ. ಅದೇ ರೀತಿ ಸವಕಳಿ ಎಂದು ವರ್ಷ ವರ್ಷ ಖರ್ಚು ಬರೆಯುತ್ತೇವೆ, ಅದಕ್ಕಾಗಿ ಪೆಟ್ಟಿಗೆಯಿಂದ ಒಂದು ಕಾಸೂ ಹೋಗುವುದಿಲ್ಲ. ಪಿಗ್ಮಿ ಹಣ ದಿನಾ ಬರುತ್ತದೆ, ಪೆಟ್ಟಿಗೆ ತುಂಬಿ ಕಾಣುತ್ತದೆ, ಅದು ಲಾಭವಲ್ಲ. ಕೇಳಿದ ದಿನ ಕೊಡಬೇಕಾದ ಪರರ ದುಡ್ಡು. ಹಿಂದಿನ ದಿನಗಳಲ್ಲಿ ಪೆಟ್ಟಿಗೆ ತುಂಬಿದೆ ಎಂದು ನಾವು ಗೊಬ್ಬರಕ್ಕೆ ಕಟ್ಟುತ್ತಿದ್ದದ್ದು ಹೆಚ್ಚಾಗಿ ಈ ಜೋಳ ಮಾರಿದ ದುಡ್ಡನ್ನೇ. ಇದನ್ನು ಒಪ್ಪಿಕೊಳ್ಳಬೇಕು.

ನಮ್ಮೂರಿನ ಹೊಳೆಯೇ ಇದಕ್ಕೆ ಒಳ್ಳೆಯ ಉದಾಹರಣೆ. 1902ರಲ್ಲಿ ಇಲ್ಲಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು ಎಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಕಾವೇರಿಯಲ್ಲಿ ವರ್ಷಕ್ಕೆ ಹರಿಯುವ ಒಟ್ಟು ನೀರು ಎಷ್ಟೇ ಇದ್ದರೂ ಬೇಸಗೆಯಲ್ಲಿ ಹೊಳೆ ಸೊರಗುತ್ತಿತ್ತು. ಗಣಿಯ ಯಂತ್ರಕ್ಕೆ ವರ್ಷದ ಒಟ್ಟು ಲೆಕ್ಕ ಸಾಲದು, ಇವತ್ತಿನ ನೀರು ಇವತ್ತೇ ಬೇಕು. ಮಳೆಗಾಲದ ನೀರನ್ನು ಹಿಡಿದಿಟ್ಟು ಬೇಸಗೆಯಲ್ಲೂ ಶಿವನಸಮುದ್ರಕ್ಕೆ ಸಮನಾಗಿ ಬಿಡಬೇಕೆಂಬುದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದಾಗ ಅದರ ಮುಖ್ಯ ಉದ್ದೇಶಗಳಲ್ಲಿ ಒಂದಾಗಿತ್ತು. ವರ್ಷದ ಲಾಭವೆಂದರೆ ವರ್ಷದ ಒಟ್ಟು ನೀರಿನಂತೆ. ಈ ವಾರ ತೂಬಿನಲ್ಲಿ ಎಷ್ಟು ಹರಿಯುತ್ತಿದೆ ಎಂಬುದು ಬೇರೆ ಪ್ರಶ್ನೆ. ಅದನ್ನು ಅಳೆಯಲು ಬೇರೆಯೇ ಪುಸ್ತಕ ಬೇಕು.

ಆ ಬೇರೆ ಪುಸ್ತಕವನ್ನು ನಾವು ಮಾಡಿಕೊಂಡೆವು. ಪುಸ್ತಕ ಎನ್ನುವುದು ದೊಡ್ಡ ಮಾತು, ಅದು ಒಂದು ಉದ್ದನೆಯ ಹಾಳೆ. ಅಡ್ಡಕ್ಕೆ ಹದಿಮೂರು ಕಲಮು, ಒಂದೊಂದು ವಾರಕ್ಕೆ ಒಂದು. ಹದಿಮೂರು ವಾರವೆಂದರೆ ಮೂರು ತಿಂಗಳು. ಅದಕ್ಕಿಂತ ದೂರ ನೋಡಿದರೆ ಊಹೆಯಾಗುತ್ತದೆ, ಹತ್ತಿರ ನೋಡಿದರೆ ದಾರಿ ಹುಡುಕಲು ಸಮಯ ಸಿಗುವುದಿಲ್ಲ. ತಿಂಗಳ ಲೆಕ್ಕ ಏಕೆ ಬೇಡ ಎಂದು ನಿರ್ದೇಶಕರೊಬ್ಬರು ಕೇಳಿದ್ದರು. ತಿಂಗಳ ಕೊನೆಗೆ ಸರಿಹೋಗುವ ಲೆಕ್ಕ ಎರಡನೇ ವಾರದಲ್ಲಿ ಹಳ್ಳ ಬಿದ್ದಿರಬಹುದು, ಹಳ್ಳ ಬಿದ್ದ ದಿನವೇ ಆ ತಾಯಿ ಬರಬಹುದು.

ಮೊದಲ ಸಾಲು ಆರಂಭದ ನಗದು. ಪೆಟ್ಟಿಗೆಯಲ್ಲಿ ಎಣಿಸಿದ ದುಡ್ಡು, ಜೊತೆಗೆ ಬ್ಯಾಂಕ್ ಖಾತೆಯಲ್ಲಿ ಇವತ್ತೇ ತೆಗೆಯಬಹುದಾದದ್ದು. ನಾವು ಕೊಟ್ಟ ಚೆಕ್ಕು ಇನ್ನೂ ನಗದಾಗಿಲ್ಲದಿದ್ದರೆ ಅದನ್ನು ಕಳೆಯಬೇಕು. ನಮಗೆ ಬಂದ ಚೆಕ್ಕು ಜಮೆಯಾಗುವ ತನಕ ಸೇರಿಸಬಾರದು. ಮುದ್ದತಿ ಠೇವಣಿಯನ್ನೂ ಆಪದ್ಧನವನ್ನೂ ಇಲ್ಲಿ ಸೇರಿಸಬಾರದು. ಮೊದಮೊದಲು ನಾವು ಸೇರಿಸಿಬಿಡುತ್ತಿದ್ದೆವು, ನೋಡಲು ಚೆನ್ನಾಗಿ ಕಾಣುತ್ತಿತ್ತು.

ಅದರ ಕೆಳಗೆ ಬರುವ ದುಡ್ಡು, ಅದರ ಕೆಳಗೆ ಹೋಗುವ ದುಡ್ಡು. ಹೋಗುವುದನ್ನು ಬರೆಯುವುದು ಸುಲಭ. ಸಂಬಳ ಯಾವ ವಾರವೆಂದು ಗೊತ್ತು. ಬ್ಯಾಂಕಿನ ಕಂತಿನ ದಿನ ಗೊತ್ತು. ಠೇವಣಿ ರಿಜಿಸ್ಟರು ತೆಗೆದರೆ ಯಾರ ಠೇವಣಿ ಯಾವತ್ತು ವಾಯಿದೆಗೆ ಬರುತ್ತದೆ ಎಂದು ಹೆಸರು ಸಮೇತ ಸಿಗುತ್ತದೆ. ಪಿಗ್ಮಿ ವಾಪಸಾತಿಗೆ ಪಂಚಾಂಗ ನೋಡಬೇಕು, ಇದು ತಮಾಷೆಯಲ್ಲ. ವರಮಹಾಲಕ್ಷ್ಮಿ, ಗೌರಿ, ದೀಪಾವಳಿ, ಶಾಲೆ ತೆರೆಯುವ ಜೂನ್, ಊರಿನ ಹಬ್ಬ, ಈ ವಾರಗಳಲ್ಲಿ ಜನ ದುಡ್ಡು ತೆಗೆಯುತ್ತಾರೆ. ಹಿಂದಿನ ಮೂರು ವರ್ಷದ ನಗದು ಪುಸ್ತಕ ತಿರುವಿದರೆ ಆ ವಾರಗಳು ಎದ್ದು ಕಾಣುತ್ತವೆ.

ಕಷ್ಟ ಇರುವುದು ಬರುವ ದುಡ್ಡಿನಲ್ಲಿ. ಇಲ್ಲಿ ಒಂದೇ ನಿಯಮ. ದುಡ್ಡು ಯಾವ ವಾರ ಬರಬೇಕೋ ಆ ವಾರದಲ್ಲಿ ಬರೆಯಬಾರದು, ಯಾವ ವಾರ ಬರುತ್ತದೋ ಆ ವಾರದಲ್ಲಿ ಬರೆಯಬೇಕು. ಎರಡರ ನಡುವೆ ಎಷ್ಟು ಅಂತರ ಎಂಬುದು ಹಳೆಯ ಪುಸ್ತಕದಲ್ಲೇ ಇರುತ್ತದೆ. ನಾವು ಉದ್ರಿ ಖಾತೆಗಳನ್ನು ಹರವಿಕೊಂಡು ಕೂತು ನೋಡಿದೆವು. ನೂರು ರೂಪಾಯಿ ಉದ್ರಿಯಲ್ಲಿ ಒಂದು ತಿಂಗಳೊಳಗೆ ಬಂದದ್ದು ಕಾಲು ಭಾಗವೂ ಇಲ್ಲ. ಅರ್ಧದಷ್ಟು ಭತ್ತ ಮಾರಿದ ಮೇಲೆ, ಸಂಕ್ರಾಂತಿಯ ಆಚೆ. ಉಳಿದದ್ದು ಇನ್ನೂ ಮುಂದಕ್ಕೆ. ಅಂದರೆ ಜುಲೈನಲ್ಲಿ ಕೊಟ್ಟ ಉದ್ರಿಯ ಹೆಚ್ಚಿನ ಭಾಗ ನಮ್ಮ ಹದಿಮೂರು ವಾರದ ಹಾಳೆಯೊಳಗೆ ಬರುವುದೇ ಇಲ್ಲ. ಹಾಳೆಯಲ್ಲಿ ಆ ಸಾಲು ಖಾಲಿ ಬಿಟ್ಟಾಗ ನಮಗೇ ಗಾಬರಿಯಾಯಿತು.

ಒಂದು ವರ್ಷದ ಹಾಳೆಯಿಂದ ಜುಲೈ ಮೊದಲ ವಾರದಿಂದ ಒಂಬತ್ತು ವಾರ ತೆಗೆದು ತೋರಿಸುತ್ತೇವೆ. ಇಲ್ಲೂ ಅಂಕಿಗಳು ದುಂಡಗಿವೆ. ಎಲ್ಲವೂ ಸಾವಿರ ರೂಪಾಯಿಗಳಲ್ಲಿ.

| ವಾರ | ಆರಂಭ | ಬರುವುದು | ಹೋಗುವುದು | ಕೊನೆಗೆ |
|---|---|---|---|---|
| 1 | 320 | 70 | 50 | 340 |
| 2 | 340 | 50 | 300 | 90 |
| 3 | 90 | 110 | 40 | 160 |
| 4 | 160 | 100 | 140 | 120 |
| 5 | 120 | 70 | 50 | 140 |
| 6 | 140 | 60 | 160 | 40 |
| 7 | 40 | 60 | 150 | 50 ಕೊರತೆ |
| 8 | 50 ಕೊರತೆ | 50 | 30 | 30 ಕೊರತೆ |
| 9 | 30 ಕೊರತೆ | 140 | 50 | 60 |

ಎರಡನೇ ವಾರ ಹೋಗುವ ಮೂರು ಲಕ್ಷ ನಾಟಿಯ ಗೊಬ್ಬರದ ಮುಂಗಡ. ನಾಲ್ಕನೇ ವಾರದಲ್ಲಿ ಒಬ್ಬರ ಒಂದು ಲಕ್ಷದ ಠೇವಣಿ ವಾಯಿದೆಗೆ ಬರುತ್ತದೆ. ಒಂದು, ಐದು, ಒಂಬತ್ತು, ಇವು ಸಂಬಳದ ವಾರಗಳು. ಆರನೇ ವಾರ ಮೇಲುಗೊಬ್ಬರಕ್ಕೆ ಒಂದೂವರೆ ಲಕ್ಷ. ಏಳನೇ ವಾರ ಹಬ್ಬ, ಪಿಗ್ಮಿ ವಾಪಸಾತಿಯೇ ಒಂದು ಲಕ್ಷದ ನಲವತ್ತು ಸಾವಿರ. ಒಂಬತ್ತನೇ ವಾರ ಒಂದು ಲಕ್ಷ ಸಾಲ ವಸೂಲಿ ಖಚಿತವಾಗಿ ಬರುವುದಿತ್ತು.

ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಮಾತ್ರ ನೋಡಿದವರಿಗೆ ಏನೂ ತಪ್ಪು ಕಾಣುವುದಿಲ್ಲ. ಮೂರು ಲಕ್ಷದ ಇಪ್ಪತ್ತು ಸಾವಿರದಿಂದ ಶುರುವಾಗಿ ಅರವತ್ತು ಸಾವಿರಕ್ಕೆ ಇಳಿದಿದೆ, ಗೊಬ್ಬರ ಕೊಂಡಿದ್ದೇವೆ, ಸರಿ ಎನ್ನುತ್ತಾರೆ. ಹಾಳೆ ನೋಡುವವರು ಕೊನೆಯ ಕಲಮಿನಲ್ಲಿ ಅತಿ ತಗ್ಗಾದ ಜಾಗವನ್ನು ಹುಡುಕಬೇಕು. ಇಲ್ಲಿ ಅದು ಏಳನೇ ವಾರ, ಐವತ್ತು ಸಾವಿರ ಕೊರತೆ. ಅದೂ ಹಬ್ಬದ ವಾರವೇ. ಜುಲೈ ಮೊದಲ ಸೋಮವಾರ ಈ ಹಾಳೆ ಬರೆದಾಗ ಪೆಟ್ಟಿಗೆಯಲ್ಲಿ ಮೂರು ಲಕ್ಷಕ್ಕೂ ಮಿಕ್ಕಿ ದುಡ್ಡಿತ್ತು. ಆಗಲೇ ಆಗಸ್ಟ್ ನಡುವಿನ ಹಳ್ಳ ಕಂಡಿತು. ನಮ್ಮ ಕೈಯಲ್ಲಿ ಆರು ವಾರ ಇದ್ದವು.

ಏನು ಮಾಡಿದೆವು? ಆರನೇ ವಾರದ ಒಂದೂವರೆ ಲಕ್ಷದ ಮುಂಗಡವನ್ನು ಎರಡು ಮಾಡಿದೆವು. ಅರ್ಧ ಆರನೇ ವಾರ, ಅರ್ಧ ಒಂಬತ್ತನೇ ವಾರ. ಅಷ್ಟಕ್ಕೇ ಲೆಕ್ಕ ಬದಲಾಯಿತು. ಆರನೇ ವಾರದ ಕೊನೆಗೆ 1,15,000, ಏಳನೇ ವಾರಕ್ಕೆ 25,000, ಎಂಟಕ್ಕೆ 45,000, ಒಂಬತ್ತಕ್ಕೆ ಮತ್ತೆ ಅದೇ 60,000. ಒಂದು ರೂಪಾಯಿ ಹೊಸದಾಗಿ ಬಂದಿಲ್ಲ, ಲಾಭ ಒಂದು ರೂಪಾಯಿ ಹೆಚ್ಚಿಲ್ಲ. ಹೋಗುವ ದುಡ್ಡು ಮೂರು ವಾರ ಮುಂದಕ್ಕೆ ಹೋಯಿತು, ಅಷ್ಟೇ.

ಆದರೆ ಇದಕ್ಕೂ ಮಿತಿಯಿದೆ. ಮೇಲುಗೊಬ್ಬರ ಪೈರು ಕೇಳಿದಾಗ ಕೊಡಬೇಕು, ನಮ್ಮ ಹಾಳೆ ಕೇಳಿದಾಗ ಅಲ್ಲ. ನಾಟಿ ಮುಂಚೆ ಮಾಡಿದವರಿಗೆ ಆರನೇ ವಾರವೇ ಬೇಕು, ತಡವಾಗಿ ನೀರು ಕಂಡ ಕೊನೆ ಭಾಗದವರಿಗೆ ಒಂಬತ್ತನೇ ವಾರ ಸಾಕು. ಹಾಗೆ ಇಬ್ಬಗೆ ಇದ್ದದ್ದರಿಂದ ನಮ್ಮ ಉಪಾಯ ನಡೆಯಿತು. ಎಲ್ಲರೂ ಒಂದೇ ವಾರ ನಾಟಿ ಮಾಡಿದ್ದರೆ ಜನ ಮಳವಳ್ಳಿಯ ಅಂಗಡಿಗೆ ಹೋಗಿ ಹೆಚ್ಚಿಗೆ ಕೊಟ್ಟು ತರುತ್ತಿದ್ದರು, ನಮ್ಮ ಹಾಳೆ ಸರಿಯಾಗಿ ಸಂಘ ತಪ್ಪಾಗುತ್ತಿತ್ತು.

ಇಪ್ಪತ್ತೈದು ಸಾವಿರವೂ ನಮಗೆ ಸಾಲದು ಅನ್ನಿಸಿತು. ಹಾಳೆಯ ಅಂಕಿ ಅಂದಾಜೇ ಹೊರತು ದೇವರ ವಾಕ್ಯವಲ್ಲ. ಹಬ್ಬದ ವಾರ ಇಬ್ಬರು ಹೆಚ್ಚಿಗೆ ಬಂದರೂ ಕಥೆ ಮುಗಿಯಿತು. ಹೋದ ಸಲದ ಹಬ್ಬದ ವಾರದಲ್ಲಿ ನಮ್ಮ ಅಂದಾಜು ಎಷ್ಟು ತಪ್ಪಿತ್ತು ಎಂದು ನೋಡಿ, ಐವತ್ತು ಸಾವಿರಕ್ಕಿಂತ ಕೆಳಗೆ ಯಾವ ವಾರವೂ ಇಳಿಯಬಾರದು ಎಂದು ಗೆರೆ ಎಳೆದಿದ್ದೇವೆ. ಆ ಗೆರೆ ಮುಟ್ಟಲು ಎರಡು ಕೆಲಸ ಮಾಡಿದೆವು. ನಾಲ್ಕನೇ ವಾರ ಠೇವಣಿ ವಾಯಿದೆಗೆ ಬರುವ ಸದಸ್ಯರ ಮನೆಗೆ ಎರಡು ವಾರ ಮುಂಚೆಯೇ ಹೋಗಿ, 'ಅಣ್ಣ, ದುಡ್ಡು ಬೇಕಾಗ್ತದ, ಮುಂದುವರಿಸ್ತೀರ?' ಎಂದು ಕೇಳಿದೆವು. ಅರ್ಧ ಬೇಕು, ಅರ್ಧ ಇರಲಿ ಎಂದರು. ಅಲ್ಲಿಗೆ ಐವತ್ತು ಸಾವಿರ ಉಳಿಯಿತು, ಏಳನೇ ವಾರ ಇಪ್ಪತ್ತೈದರ ಬದಲು ಎಪ್ಪತ್ತೈದಾಯಿತು. ಎರಡನೆಯದಾಗಿ, ಬ್ಯಾಂಕಿನಲ್ಲಿರುವ ನಮ್ಮ ಠೇವಣಿಯ ಮೇಲೆ ಸಾಲದ ಮಿತಿಯನ್ನು ಜುಲೈನಲ್ಲೇ ಮಂಜೂರು ಮಾಡಿಸಿಟ್ಟುಕೊಂಡೆವು. ತೆಗೆಯಲಿಲ್ಲ, ತೆಗೆಯದಿದ್ದರೆ ಬಡ್ಡಿಯೂ ಇಲ್ಲ. 2013ರಲ್ಲಿ ಇದೇ ಕೆಲಸವನ್ನು ಬಾಗಿಲಲ್ಲಿ ಜನ ನಿಂತಿರುವಾಗ ಮಾಡಿದ್ದೆವು. ನಿರ್ಣಯ ಬೇಕು, ಸಹಿ ಬೇಕು, ಅಧ್ಯಕ್ಷರು ಊರಲ್ಲಿಲ್ಲ, ಹೀಗೇ ಒಂಬತ್ತು ದಿನ ಹೋದದ್ದು.

ಹಾಳೆ ಬರೆದು ಬೀರುವಿನಲ್ಲಿಟ್ಟರೆ ಉಪಯೋಗವಿಲ್ಲ. ಪ್ರತಿ ಸೋಮವಾರ ಬೆಳಿಗ್ಗೆ ಹೋದ ವಾರದ ಅಂದಾಜಿನ ಪಕ್ಕದಲ್ಲಿ ನಿಜವಾಗಿ ನಡೆದದ್ದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತೇವೆ, ಆ ವಾರವನ್ನು ಹೊಡೆದುಹಾಕಿ ತುದಿಯಲ್ಲಿ ಹೊಸದೊಂದು ವಾರ ಸೇರಿಸುತ್ತೇವೆ. ಮುಕ್ಕಾಲು ಗಂಟೆಯ ಕೆಲಸ. ವ್ಯತ್ಯಾಸ ಬಂದಾಗ ಕೇಳಬೇಕಾದ ಪ್ರಶ್ನೆ ಒಂದಿದೆ. ಆ ದುಡ್ಡು ತಡವಾಯಿತೋ, ಇಲ್ಲ ತಪ್ಪಿಯೇಹೋಯಿತೋ? ತಡವಾದದ್ದನ್ನು ಮುಂದಿನ ಯಾವುದಾದರೂ ವಾರಕ್ಕೆ ದಾಟಿಸಬಹುದು. ಮೂರು ಸಲ ದಾಟಿಸಿದ ಅಂಕಿಯನ್ನು ನಾವು ಹಾಳೆಯಿಂದಲೇ ತೆಗೆದುಹಾಕುತ್ತೇವೆ, ಅದನ್ನು ನಂಬಿ ಯಾರಿಗೂ ಮಾತು ಕೊಡುವುದಿಲ್ಲ. ಆ ಸಾಲಗಾರರ ಹೆಸರು ಮಾತ್ರ ವಸೂಲಿ ಪಟ್ಟಿಯಲ್ಲಿ ಮೇಲಕ್ಕೆ ಬರುತ್ತದೆ. ಬಡ್ಡಿ ಸಹಾಯಧನದ ಸಾಲು ಈ ಕಾರಣಕ್ಕೇ ನಮ್ಮ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಇರುತ್ತದೆ, ಕೂಡುವಾಗ ಅದನ್ನು ಬಿಟ್ಟು ಕೂಡುತ್ತೇವೆ. ಬಂದ ವಾರ ಶಾಯಿ ಹಾಕುತ್ತೇವೆ.

ಡಿವಿಡೆಂಡ್ ಬಗ್ಗೆ ಪ್ರತಿ ಮಹಾಸಭೆಯಲ್ಲೂ ಜಗಳವಾಗುತ್ತದೆ, ಅದಕ್ಕೂ ಇದೇ ಹಾಳೆ ಉತ್ತರ. ನಿವ್ವಳ ಲಾಭದಲ್ಲಿ ಕಾನೂನಿನಂತೆ ಕನಿಷ್ಠ ನೂರಕ್ಕೆ 25 ಭಾಗ ಆಪದ್ಧನಕ್ಕೆ ಹೋಗಬೇಕು, ಶಿಕ್ಷಣ ನಿಧಿ ಮೊದಲಾದವು ಇವೆ, ಆಮೇಲೆ ಡಿವಿಡೆಂಡ್. ಸಭೆ ಸೆಪ್ಟೆಂಬರಿನಲ್ಲಿ ಸೇರುತ್ತದೆ. ನಗದು ಅತಿ ತಗ್ಗಿರುವುದೂ ಆಗಲೇ. ಲಾಭ ಮಾರ್ಚ್ ತಿಂಗಳದ್ದು, ಅದು ಇಷ್ಟರಲ್ಲಿ ಗೊಬ್ಬರವಾಗಿ ಗದ್ದೆ ಸೇರಿರುತ್ತದೆ. ಆದ್ದರಿಂದ ನಾವು ಸಭೆಯಲ್ಲಿ ಘೋಷಿಸಿ, ಹಾಳೆ ನೋಡಿಕೊಂಡು ಸಂಕ್ರಾಂತಿಯಾದ ಮೇಲೆ ಕೊಡುತ್ತಾ ಬಂದಿದ್ದೇವೆ. ಕೆಲವರಿಗೆ ಇದು ಸಿಟ್ಟು ತರಿಸಿದೆ. ಸಭೆಯಲ್ಲಿ ಹಾಳೆಯನ್ನೇ ಬಿಚ್ಚಿ ತೋರಿಸಿದ ಮೇಲೆ ಸಿಟ್ಟು ಸ್ವಲ್ಪ ಇಳಿದಿದೆ.

ನಿಮ್ಮ ಮನೆಗೂ ಇದೇ ಲೆಕ್ಕ ಹೊಂದುತ್ತದೆ, ಒಂದೆರಡು ಮಾತಿನಲ್ಲಿ ಹೇಳುತ್ತೇವೆ. ಕಬ್ಬು ಬೆಳೆದವರು ಎಕರೆಗೆ ಇಷ್ಟು ಟನ್, ಟನ್ನಿಗೆ ಇಷ್ಟು, ಲಾಭ ಇಷ್ಟು ಎಂದು ಎಣಿಸಿ ಮಗಳ ಮದುವೆ ದಿನ ಇಡುತ್ತಾರೆ. ಕಬ್ಬು ಕಡಿಯುವ ಪರವಾನಗಿ ಯಾವ ವಾರ ಬರುತ್ತದೆ, ದುಡ್ಡು ಯಾವ ವಾರ ಜಮೆಯಾಗುತ್ತದೆ ಎಂದು ಎಣಿಸುವುದಿಲ್ಲ. ಕಬ್ಬು ಒಪ್ಪಿಸಿದ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿದೆ, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿಯೂ ಉಂಟು. ಇದು 'ಬರಬೇಕಾದ' ವಾರ. ನಿಮ್ಮ ಹಾಳೆಯಲ್ಲಿ ಬರೆಯಬೇಕಾದದ್ದು ಕಳೆದ ಮೂರು ಸಲ ನಿಜವಾಗಿ ಬಂದ ವಾರ. ಹಾಲು ಹಾಕುವ ಮನೆಗಳಲ್ಲಿ, ರೇಷ್ಮೆ ಗೂಡು ಮಾರುವ ಮನೆಗಳಲ್ಲಿ ಕೈ ಅಷ್ಟು ಬಿಗಿಯಾಗುವುದಿಲ್ಲ. ಕಬ್ಬಿನಷ್ಟು ಲಾಭ ಇರಲಿ ಬಿಡಲಿ, ದುಡ್ಡು ಬೇಗ ಬೇಗ ತಿರುಗುತ್ತದೆ. ಕಬ್ಬಿನ ಮನೆಯಲ್ಲಿ ಒಂದು ಹಸುವಿದ್ದರೆ ಬಿಲ್ಲು ಬರುವವರೆಗೆ ಅಂಗಡಿ ಸಾಲ ಬೆಳೆಯುವುದಿಲ್ಲ. ಹೆಂಗಸರು ಇದನ್ನು ಯಾವ ಹಾಳೆಯೂ ಇಲ್ಲದೆ ತಿಳಿದಿದ್ದಾರೆ.

ಉದ್ರಿಯ ವಿಚಾರದಲ್ಲಿ ನಿಮ್ಮಲ್ಲಿ ಒಂದು ಕೋರಿಕೆ ಇದೆ. ಉದ್ರಿ ನಿಲ್ಲಿಸಿ ಎಂದು ಆಗಾಗ ಸಲಹೆ ಬರುತ್ತದೆ. ನಿಲ್ಲಿಸಿದರೆ ನಾಟಿಯ ಹೊತ್ತಿನಲ್ಲಿ ಕೈಯಲ್ಲಿ ಕಾಸಿಲ್ಲದವರು ಎಲ್ಲಿಗೆ ಹೋಗಬೇಕು? ಅದಕ್ಕಾಗಿಯೇ ತಾನೆ ಸಂಘ. ಆದರೆ ಉದ್ರಿ ಒಯ್ಯುವಾಗ ಎಂದು ಕೊಡುತ್ತೀರಿ ಎಂದು ನಮ್ಮ ಗುಮಾಸ್ತರು ಕೇಳುತ್ತಾರೆ. ಮುಲಾಜಿಗೆ ಬಿದ್ದು 'ಮುಂದಿನ ತಿಂಗಳು' ಎನ್ನಬೇಡಿ. ಭತ್ತ ಮಾರಿದ ಮೇಲೆ ಎನ್ನುವುದಾದರೆ ಹಾಗೇ ಹೇಳಿ. ನಮಗೆ ಬೇಗ ಬರುವ ದುಡ್ಡಿಗಿಂತ ಬರುವ ವಾರ ಸರಿಯಾಗಿ ಗೊತ್ತಿರುವ ದುಡ್ಡು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹಾಗೆಯೇ ಐದು ಸಾವಿರಕ್ಕೆ ಮೇಲ್ಪಟ್ಟು ಪಿಗ್ಮಿ ಹಣ ಬೇಕಾದವರು ಒಂದು ವಾರ ಮುಂಚೆ ತಿಳಿಸಿದರೆ ಉಪಕಾರ. ತಿಳಿಸದೆ ಬಂದರೂ ಕೊಡುತ್ತೇವೆ. ಆ ಐವತ್ತು ಸಾವಿರದ ಗೆರೆ ಇರುವುದು ಅದಕ್ಕೇ.

ಈ ವಾರದ ಹಾಳೆಯನ್ನು ಗೋದಾಮಿನ ಬಾಗಿಲ ಪಕ್ಕ ಅಂಟಿಸಿದ್ದೇವೆ. ಊಟಕ್ಕೆ ಹೋಗುವಾಗ ಒಮ್ಮೆ ನೋಡಿ. ಹನ್ನೊಂದನೇ ವಾರದ ಅಂಕಿ ಗೆರೆಯಿಂದ ಕೊಂಚ ಕೆಳಗಿದೆ, ಸೋಮವಾರದ ಸಭೆಯಲ್ಲಿ ಅದನ್ನು ಚರ್ಚೆಗೆ ಇಟ್ಟಿದ್ದೇವೆ. ಬರಲು ಬಿಡುವಿದ್ದವರು ಬೆಳಿಗ್ಗೆ ಹತ್ತಕ್ಕೆ ಬನ್ನಿ.